ಒಂದು ಪ್ರಯಾಣ, ಎರಡು ಟಿಕೆಟ್: ಬ್ರಿಟನ್ ರೈಲುಗಳಲ್ಲಿ ಉಳಿತಾಯ ಮತ್ತು ಅಪಾಯ

ಭಾರತೀಯ ರೈಲ್ವೆಯಲ್ಲಿ ಪ್ರಯಾಣದ ದೂರ ಹೆಚ್ಚಿದಂತೆ ಪ್ರತಿ ಕಿಲೋಮೀಟರಿನ ದರ ಇಳಿಯುತ್ತ ಹೋಗುತ್ತದೆ. ಹುಬ್ಬಳ್ಳಿಯಿಂದ ದೆಹಲಿಗೆ ಹೋಗುವವರು ನಡುವಿನ ಊರಿನಲ್ಲಿ ಟಿಕೆಟ್ ತುಂಡು ಮಾಡಿಕೊಂಡರೆ ಸಾಮಾನ್ಯವಾಗಿ ಹೆಚ್ಚು ಹಣವನ್ನೇ ತೆರಬೇಕಾಗುತ್ತದೆ. ಈ ಅನುಭವದಲ್ಲಿ ಬೆಳೆದ ನಮ್ಮ ವ್ಯಾಪಾರಿಗಳಿಗೆ ಬ್ರಿಟನ್ನಿನ ರೈಲು ದರಪಟ್ಟಿ ವಿಚಿತ್ರವಾಗಿ ಕಾಣುವುದು ಸಹಜ. ಅಲ್ಲಿ ಒಂದೇ ರೈಲಿನ ಅದೇ ಪ್ರಯಾಣಕ್ಕೆ ಒಂದು ಟಿಕೆಟ್ಟಿಗಿಂತ ಎರಡು ಟಿಕೆಟ್‌ಗಳು ಎಷ್ಟೋ ಸಲ ಅಗ್ಗವಾಗುತ್ತವೆ. ಇದಕ್ಕೆ ಅಲ್ಲಿನವರು ‘ಸ್ಪ್ಲಿಟ್ ಟಿಕೆಟಿಂಗ್’ ಎನ್ನುತ್ತಾರೆ.

ಇದರ ಮೂಲ ದರ ನಿಗದಿಯ ಕ್ರಮದಲ್ಲಿದೆ. ಬ್ರಿಟನ್ನಿನಲ್ಲಿ ದರವು ದೂರದ ಲೆಕ್ಕದಿಂದ ಹುಟ್ಟುವುದಿಲ್ಲ. ಪ್ರತಿ ಎರಡು ನಿಲ್ದಾಣಗಳ ನಡುವಿನ ದರವನ್ನು ಒಂದೊಂದು ಸಂಚಾರ ಸಂಸ್ಥೆ ಬೇರೆಬೇರೆಯಾಗಿ ನಿರ್ಧರಿಸುತ್ತ ಬಂದಿದೆ. 1993ರ ರೈಲ್ವೆ ಕಾಯ್ದೆಯ ತರುವಾಯ ಸರಕಾರಿ ರೈಲ್ವೆ ಹಲವು ಕಂಪನಿಗಳಾಗಿ ಹಂಚಿಹೋದಾಗ ಈ ದರಗಳ ಗೋಜಲು ಮುಂದುವರಿಯಿತು. ಇದರ ಮೇಲೆ ವೇಳೆಯ ಭೇದವೂ ಇದೆ. ಬೆಳಗಿನ ಕಚೇರಿ ವೇಳೆಯ ರೈಲುಗಳಿಗೆ ‘ಎನಿಟೈಮ್’ ಎಂಬ ದುಬಾರಿ ಟಿಕೆಟ್, ಜನದಟ್ಟಣೆ ತಗ್ಗಿದ ಮೇಲಿನ ರೈಲುಗಳಿಗೆ ‘ಆಫ್-ಪೀಕ್’ ಎಂಬ ಅಗ್ಗದ ಟಿಕೆಟ್. ಲಂಡನ್ನಿನಿಂದ ಹೊರಡುವ ವೇಳೆ ದಟ್ಟಣೆಯದಾಗಿದ್ದರೆ ಇಡೀ ದೂರಕ್ಕೂ ದುಬಾರಿ ದರವೇ ಬೀಳುತ್ತದೆ. ಅದೇ ರೈಲು ಅರ್ಧ ದಾರಿಯ ನಿಲ್ದಾಣವನ್ನು ಬಿಡುವಾಗ ಅಲ್ಲಿಂದ ಮುಂದಿನ ಟಿಕೆಟ್ಟಿಗೆ ಅಗ್ಗದ ವೇಳೆ ಆರಂಭವಾಗಿರಬಹುದು.

ಬೆಳಗಾವಿಯ ಯಂತ್ರಭಾಗ ತಯಾರಕರೊಬ್ಬರು ಗ್ರಾಹಕ ಸಂಸ್ಥೆಯನ್ನು ಕಾಣಲು ಲಂಡನ್ನಿನಿಂದ ಬ್ರಿಸ್ಟಲ್‌ಗೆ ಹೊರಟಿದ್ದಾರೆ ಎಂದು ಇಟ್ಟುಕೊಳ್ಳೋಣ. ಪ್ಯಾಡಿಂಗ್ಟನ್ ನಿಲ್ದಾಣದಿಂದ ಹೊರಡುವ ರೈಲು ರೆಡಿಂಗ್, ಸ್ವಿಂಡನ್, ಬಾತ್ ಮಾರ್ಗವಾಗಿ ಬ್ರಿಸ್ಟಲ್ ಟೆಂಪಲ್ ಮೀಡ್ಸ್ ಸೇರುತ್ತದೆ. ರೆಡಿಂಗ್ ಮತ್ತು ಸ್ವಿಂಡನ್ನುಗಳ ನಡುವೆ ಡಿಡ್‌ಕಾಟ್ ಪಾರ್ಕ್‌ವೇ ಎಂಬ ಸಾಧಾರಣ ನಿಲ್ದಾಣವಿದೆ. ಟಿಕೆಟ್ ಒಡೆಯುವವರ ನಡುವೆ ಇದರ ಹೆಸರು ಬಹುಕಾಲದಿಂದ ಪ್ರಸಿದ್ಧ. ದರಗಳು ಆಗಾಗ ಬದಲಾಗುವುದರಿಂದ ಲೆಕ್ಕ ತಿಳಿಯಲೆಂದು ಮಾತ್ರ ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಲಂಡನ್–ಬ್ರಿಸ್ಟಲ್ ಇಡೀ ಟಿಕೆಟ್ಟಿಗೆ 120 ಪೌಂಡ್. ಲಂಡನ್–ಡಿಡ್‌ಕಾಟ್ ಎನಿಟೈಮ್ ಟಿಕೆಟ್ಟಿಗೆ 45. ಡಿಡ್‌ಕಾಟ್–ಬ್ರಿಸ್ಟಲ್ ಆಫ್-ಪೀಕ್ ಟಿಕೆಟ್ಟಿಗೆ 30. ಎರಡೂ ಸೇರಿ 75 ಪೌಂಡ್ ಆಯಿತು. 45 ಪೌಂಡ್ ಉಳಿಯಿತು. ತಯಾರಕರು ಡಿಡ್‌ಕಾಟ್‌ನಲ್ಲಿ ಇಳಿಯಬೇಕಾಗಿಲ್ಲ, ಕುಳಿತಲ್ಲಿಂದ ಏಳಬೇಕಾಗಿಯೂ ಇಲ್ಲ.

ಇದರಲ್ಲಿ ಕಳ್ಳತನವೇನೂ ಇಲ್ಲ. ಬ್ರಿಟನ್ನಿನ ರಾಷ್ಟ್ರೀಯ ರೈಲು ಪ್ರಯಾಣ ನಿಬಂಧನೆಗಳೇ, ಅವುಗಳ 14ನೆಯ ನಿಬಂಧನೆಯಲ್ಲಿ, ಒಂದು ಪ್ರಯಾಣಕ್ಕೆ ಒಂದಕ್ಕಿಂತ ಹೆಚ್ಚು ಟಿಕೆಟ್ ಬಳಸಲು ಸ್ಪಷ್ಟವಾಗಿ ಅವಕಾಶ ಕೊಟ್ಟಿವೆ. ಆದರೆ ಒಂದು ಷರತ್ತಿದೆ. ಯಾವ ನಿಲ್ದಾಣದಲ್ಲಿ ಒಂದು ಟಿಕೆಟ್ ಮುಗಿದು ಮತ್ತೊಂದು ಆರಂಭವಾಗುವುದೋ ಆ ನಿಲ್ದಾಣದಲ್ಲಿ ಪ್ರಯಾಣಿಕರು ಕುಳಿತ ರೈಲು ನಿಲ್ಲಲೇಬೇಕು. ಸೀಸನ್ ಟಿಕೆಟ್‌ನಂಥ ಕೆಲವು ಬಗೆಗಳಿಗೆ ಮಾತ್ರ ವಿನಾಯಿತಿಯುಂಟು. ವ್ಯವಹಾರಕ್ಕೆಂದು ನಾಲ್ಕು ದಿನ ಹೋದವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಹೊಸಬರು ಎಡವುವುದು ಬಹುಮಟ್ಟಿಗೆ ಈ ಷರತ್ತಿನಲ್ಲಿಯೇ. ಬ್ರಿಸ್ಟಲ್‌ಗೆ ಹೋಗುವ ಎಲ್ಲ ರೈಲುಗಳೂ ಡಿಡ್‌ಕಾಟ್‌ನಲ್ಲಿ ನಿಲ್ಲುವುದಿಲ್ಲ. ಮೇಲಿನ ತಯಾರಕರು ಅವಸರದಲ್ಲಿ ಒಂದು ರೈಲು ತಪ್ಪಿಸಿಕೊಂಡು, ಹಿಂದಿನಿಂದ ಬಂದ ವೇಗದ ರೈಲನ್ನು ಹತ್ತಿದರೆನ್ನೋಣ. ಕೈಯಲ್ಲಿ ಪೂರ್ಣ ದಾರಿಗೆ ಟಿಕೆಟ್ ಇದೆ, ಹಣ ಕೊಟ್ಟಾಗಿದೆ ಎಂಬ ಧೈರ್ಯ ಅವರಿಗೆ. ಆದರೆ ರೈಲು ಡಿಡ್‌ಕಾಟ್ ನಿಲ್ದಾಣವನ್ನು ನಿಲ್ಲದೆ ದಾಟಿದೊಡನೆ ಆ ಎರಡು ಟಿಕೆಟ್‌ಗಳ ನಂಟು ಕಡಿದುಹೋಗುತ್ತದೆ. ತಪಾಸಣೆಯಲ್ಲಿ ಸಿಕ್ಕಿದರೆ ಹೊಸ ಟಿಕೆಟ್ ಕೊಳ್ಳಬೇಕಾದೀತು. ದಂಡದ ಪದ್ಧತಿ ಜಾರಿಯಲ್ಲಿರುವ ಇಂಗ್ಲೆಂಡಿನ ರೈಲುಗಳಲ್ಲಿ 2023ರ ಜನವರಿಯಿಂದ ದಂಡ 100 ಪೌಂಡ್‌ಗೆ ಏರಿದೆ. ಅದರ ಮೇಲೆ ಪ್ರಯಾಣದ ದರ ಬೇರೆ. 21 ದಿನಗಳೊಳಗೆ ಕಟ್ಟಿದರೆ ದಂಡ ಅರ್ಧವಾಗುತ್ತದೆ. ಹೇಗಾದರೂ ಉಳಿಸಿದ 45 ಪೌಂಡ್ ಕೈಬಿಟ್ಟುಹೋದ ಲೆಕ್ಕವೇ.

ಇದನ್ನು ತಪ್ಪಿಸಿಕೊಳ್ಳುವುದು ಕಷ್ಟವಲ್ಲ. ನಿಲ್ದಾಣದ ಫಲಕದಲ್ಲಿ ಪ್ರತಿ ರೈಲಿನ ಮುಂದೆ ಅದು ನಿಲ್ಲುವ ಊರುಗಳ ಪಟ್ಟಿ ಮೂಡುತ್ತದೆ. ಟಿಕೆಟ್ ಒಡೆದ ಊರಿನ ಹೆಸರು ಅದರಲ್ಲಿದ್ದರೆ ಮಾತ್ರ ಹತ್ತುವುದು. ಸಂಚಾರ ಅಸ್ತವ್ಯಸ್ತವಾಗಿ, ನಿಲ್ಲಬೇಕಾದ ರೈಲು ನಿಲ್ಲುವುದಿಲ್ಲವೆಂದು ಗೊತ್ತಾದರೆ ಹತ್ತುವ ಮೊದಲೇ ಸಿಬ್ಬಂದಿಯನ್ನು ಕೇಳಿಕೊಳ್ಳಬೇಕು. ಹತ್ತಿದ ಮೇಲೆ ಕೊಡುವ ವಿವರಣೆಗೆ ಬೆಲೆ ಕಡಿಮೆ. ಎರಡು ಟಿಕೆಟ್‌ಗಳನ್ನೂ ಕೊನೆಯವರೆಗೆ ಇಟ್ಟುಕೊಂಡಿರಬೇಕು. ಬ್ರಿಸ್ಟಲ್‌ನ ದ್ವಾರ ತೆರೆಯುವುದು ಎರಡನೆಯ ಟಿಕೆಟ್ಟಿಗೆ. ಆದರೂ ದಾರಿಯಲ್ಲಿ ತಪಾಸಕರು ಮೊದಲನೆಯದನ್ನೂ ಕೇಳಬಹುದು. ಊರಿಗೆ ಮರಳಿದ ಮೇಲೆ ಲೆಕ್ಕಿಗರೂ ಕೇಳುತ್ತಾರೆ.

ಮತ್ತೊಂದು ತೊಡಕು ‘ಅಡ್ವಾನ್ಸ್’ ಟಿಕೆಟ್‌ನದು. ಮುಂಗಡ ಕೊಂಡರೆ ಇದು ಎಲ್ಲಕ್ಕಿಂತ ಅಗ್ಗ. ಆದರೆ ಗೊತ್ತುಪಡಿಸಿದ ಒಂದೇ ರೈಲಿಗೆ ಸಲ್ಲುತ್ತದೆ. ನಡುದಾರಿಯಲ್ಲಿ ಇಳಿದು ಪ್ರಯಾಣ ಮುಗಿಸಲೂ ಅನುಮತಿಯಿಲ್ಲ. ಎರಡು ಅಡ್ವಾನ್ಸ್ ಟಿಕೆಟ್‌ಗಳನ್ನು ಜೋಡಿಸಿದಾಗ ಡಿಡ್‌ಕಾಟ್‌ವರೆಗೆ ಒಂದು ಆಸನ, ಮುಂದಕ್ಕೆ ಬೇರೆ ಬೋಗಿಯ ಆಸನ ಸಿಗುವುದುಂಟು. ಇದು ಸಣ್ಣ ಕಿರಿಕಿರಿ. ರೈಲು ಬದಲಿಸಬೇಕಾದಾಗ ಹೆಚ್ಚಿನ ಎಚ್ಚರ ಬೇಕು. ಎರಡು ರೈಲುಗಳ ನಡುವೆ ಆ ನಿಲ್ದಾಣಕ್ಕೆ ವಿಧಿಸಿರುವ ಕನಿಷ್ಠ ಅಂತರವನ್ನು ಬಿಟ್ಟುಕೊಂಡೇ ಟಿಕೆಟ್ ಕೊಂಡಿರಬೇಕು. ಹಾಗೆ ಕೊಂಡಿದ್ದು, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಅದೇ ಸಂಸ್ಥೆಯ ಮುಂದಿನ ರೈಲಿನಲ್ಲಿ ಹೋಗಲು ಅವಕಾಶವುಂಟು. ಆ ಅಂತರಕ್ಕಿಂತ ಕಡಿಮೆ ಸಮಯ ಬಿಟ್ಟುಕೊಂಡು ಸಾಹಸ ಮಾಡಿದವರಿಗೆ ಈ ರಕ್ಷಣೆಯನ್ನು ಬೇಡುವ ಆಧಾರವಿರುವುದಿಲ್ಲ. ಆದುದರಿಂದ ಟಿಕೆಟ್ ಕೊಂಡಾಗ ದೊರೆತ ಪ್ರಯಾಣ ವಿವರದ ಪ್ರತಿಯನ್ನು ಜೊತೆಗಿಟ್ಟುಕೊಳ್ಳುವುದು ಲೇಸು. ತಡವಾದುದಕ್ಕೆ ಪರಿಹಾರ ಕೇಳುವಾಗಲೂ ಎರಡು ಟಿಕೆಟ್‌ಗಳನ್ನು ಒಟ್ಟಿಗೆ ಲಗತ್ತಿಸಿ, ಪೂರ್ಣ ಪ್ರಯಾಣ ಯಾವುದೆಂದು ತಿಳಿಸಬೇಕು.

ನಮ್ಮ ರಾಜ್ಯದಿಂದ ಹೋಗುವವರಿಗೆ ದೊಡ್ಡ ನಷ್ಟ ಕಾದಿರುವುದು ಮಾತ್ರ ರೈಲಿಗಿಂತ ಮೊದಲೇ, ವಿಮಾನದಲ್ಲಿ. ರೈಲಿನ ಎರಡು ಟಿಕೆಟ್‌ಗಳನ್ನು ಬೆಸೆಯುವ ನಿಬಂಧನೆ ವಿಮಾನ ಮತ್ತು ರೈಲುಗಳನ್ನು ಬೆಸೆಯುವುದಿಲ್ಲ. ಬೆಂಗಳೂರಿನಿಂದ ಹೀಥ್ರೂ ತಲುಪುವ ವಿಮಾನ ಮೂರು ಗಂಟೆ ತಡವಾದರೆ, ಆ ಬೆಳಗಿನ ರೈಲಿಗೆ ಕೊಂಡ ಅಡ್ವಾನ್ಸ್ ಟಿಕೆಟ್ ವ್ಯರ್ಥವಾಗುತ್ತದೆ. ರೈಲು ಸಂಸ್ಥೆಗೆ ವಿಮಾನದ ತಡಕ್ಕೆ ಹೊಣೆಯಿಲ್ಲ. ಇಳಿದ ದಿನವೇ ಬ್ರಿಸ್ಟಲ್ ಸೇರಬೇಕಾದವರು ಅಡ್ವಾನ್ಸ್ ಬಿಟ್ಟು, ಗೊತ್ತಾದ ರೈಲಿಗೆ ಕಟ್ಟುಬೀಳದ ಎನಿಟೈಮ್, ಆಫ್-ಪೀಕ್ ಟಿಕೆಟ್‌ಗಳನ್ನೇ ಒಡೆದು ಕೊಳ್ಳುವುದು ಕ್ಷೇಮ. ಆಗ ಉಳಿತಾಯ ತುಸು ಕಡಿಮೆಯಾದರೂ ಮುಂದಿನ ರೈಲು ಕೈಯಲ್ಲಿರುತ್ತದೆ. ಆ ರೈಲು ಡಿಡ್‌ಕಾಟ್‌ನಲ್ಲಿ ನಿಲ್ಲುವುದೇ ಎಂದು ಫಲಕ ನೋಡಿಕೊಂಡರಾಯಿತು. ಮರಳುವಾಗ ಭೇಟಿಯ ವೇಳೆ ನಿಶ್ಚಿತವಾಗಿದ್ದು, ವಿಮಾನಕ್ಕೆ ಧಾರಾಳ ಸಮಯವಿದ್ದರೆ ಅಡ್ವಾನ್ಸ್ ಟಿಕೆಟ್‌ಗಳನ್ನು ಜೋಡಿಸಿಕೊಳ್ಳಬಹುದು.