ದೀರ್ಘ ನಿವೇದನೆಯಿಂದ ಮೂವತ್ತು ಸೆಕೆಂಡುಗಳ ಮಾತಿಗೆ

ಸ್ವಂತ ಉದ್ಯಮವನ್ನು ಆರಂಭಿಸಿದವರ ಬಳಿ ಸಾಮಾನ್ಯವಾಗಿ ಒಂದು ದೀರ್ಘ ನಿವೇದನೆ ಸಿದ್ಧವಾಗಿಯೇ ಇರುತ್ತದೆ. ಬ್ಯಾಂಕಿನ ಸಾಲಕ್ಕಾಗಿಯೋ ಪಾಲುದಾರರ ಸಭೆಗಾಗಿಯೋ ಬರೆದು ಸಿದ್ಧಪಡಿಸಿದ ಈ ನಿವೇದನೆಯನ್ನು ಓದಿ ಹೇಳಲು ಹತ್ತು ನಿಮಿಷಗಳಾದರೂ ಬೇಕು. ಆದರೆ ಉದ್ಯಮಕ್ಕೆ ನಿಜವಾಗಿ ಬೇಕಾದ ವ್ಯಕ್ತಿ ಎಷ್ಟೋ ವೇಳೆ ಎದುರಾಗುವುದು ಮದುವೆಯ ಊಟದ ಸಾಲಿನಲ್ಲಿ, ಸಂಘದ ವಾರ್ಷಿಕೋತ್ಸವದ ಬಾಗಿಲಿನಲ್ಲಿ ಅಥವಾ ಲಿಫ್ಟಿನೊಳಗೆ. ಅಲ್ಲಿ ದೊರೆಯುವುದು ಅರ್ಧ ನಿಮಿಷ ಮಾತ್ರ. ಇಂಗ್ಲಿಷಿನಲ್ಲಿ ಇಂತಹ ಮಾತಿಗೆ ಎಲಿವೇಟರ್ ಪಿಚ್ ಎಂಬ ಹೆಸರು ಬಂದಿರುವುದೂ ಈ ಕಾರಣದಿಂದಲೇ.

ಹತ್ತು ನಿಮಿಷದ ಮಾತನ್ನು ಅರ್ಧ ನಿಮಿಷಕ್ಕೆ ಇಳಿಸುವಾಗ ಬಹುತೇಕ ಜನರು ಪ್ರತಿಯೊಂದು ಭಾಗವನ್ನೂ ಸಮವಾಗಿ ಕತ್ತರಿಸುತ್ತಾ ಹೋಗುತ್ತಾರೆ. ಪರಿಚಯಕ್ಕೆ ಒಂದು ವಾಕ್ಯ, ಮಾರುಕಟ್ಟೆಗೆ ಒಂದು ವಾಕ್ಯ, ಲಾಭಕ್ಕೆ ಒಂದು ವಾಕ್ಯ ಎಂದು ಹಂಚಿದರೆ ಉಳಿಯುವುದು ಒಂದು ಪರಿವಿಡಿಯಷ್ಟೆ. ಕೇಳಿದವರಿಗೆ ಅದರಿಂದ ಯಾವ ಕೆಲಸವನ್ನೂ ಮಾಡಬೇಕೆನಿಸುವುದಿಲ್ಲ. ಆದುದರಿಂದ ಮಾತನ್ನು ಮೊಟಕುಗೊಳಿಸುವುದಕ್ಕಿಂತ ಕೊನೆಯಿಂದ ಹೊಸದಾಗಿ ಕಟ್ಟುವುದೇ ಸರಿಯಾದ ವಿಧಾನ. ಎದುರಿಗಿರುವವರು ನಿಂತ ನಿಲುವಿನಲ್ಲಿ ಯಾವುದಕ್ಕೆ ಒಪ್ಪಬಲ್ಲರು ಎಂಬುದನ್ನು ಮೊದಲು ನಿರ್ಧರಿಸಿ, ಆ ಒಪ್ಪಿಗೆಗೆ ಅಗತ್ಯವಾದುದನ್ನು ಮಾತ್ರ ಅದರ ಹಿಂದೆ ಜೋಡಿಸಬೇಕು. ಇದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಉದಾಹರಣೆಯ ಹಿನ್ನೆಲೆ

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿಯ ಯುವಕನೊಬ್ಬ ಹೋಟೆಲುಗಳಿಂದ ಕರಿದು ಉಳಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ತಯಾರಕರಿಗೆ ಒದಗಿಸುವ ಉದ್ಯಮವನ್ನು ನಡೆಸುತ್ತಿದ್ದಾನೆಂದು ಕಲ್ಪಿಸಿಕೊಳ್ಳೋಣ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಧ್ರುವೀಯ ಸಂಯುಕ್ತಗಳೆಂಬ ವಸ್ತುಗಳು ಹೆಚ್ಚುತ್ತವೆ. ಇವು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂದಿದೆ. ಕರಿಯುವುದಕ್ಕೆ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಉದ್ದಿಮೆಗಳು ಅದರ ಲೆಕ್ಕವನ್ನು ಇಡಬೇಕು ಮತ್ತು ಉಳಿದ ಎಣ್ಣೆಯನ್ನು ಮಾನ್ಯತೆ ಪಡೆದ ಸಂಗ್ರಾಹಕರಿಗೇ ಕೊಡಬೇಕು ಎಂದೂ ಭಾರತೀಯ ಆಹಾರ ಸುರಕ್ಷತಾ ಮತ್ತು ಮಾನದಂಡ ಪ್ರಾಧಿಕಾರವು ಸೂಚಿಸಿದೆ. ನಮ್ಮ ಯುವಕನು ಅಂತಹ ಮಾನ್ಯತೆಯನ್ನು ಪಡೆದಿದ್ದಾನೆ.

ತ್ರಿಚಕ್ರ ವಾಹನವೊಂದನ್ನು ಕೊಳ್ಳಲು ಮುದ್ರಾ ಯೋಜನೆಯಡಿ ಸಾಲ ಕೇಳಿದಾಗ ಅವನು ಬ್ಯಾಂಕಿನವರ ಮುಂದೆ ಹತ್ತು ನಿಮಿಷಗಳ ನಿವೇದನೆಯನ್ನು ಮಂಡಿಸಿದ್ದನು. ಅದರಲ್ಲಿ ತನ್ನ ವಿದ್ಯಾಭ್ಯಾಸ, ನಿಯಮದ ಹಿನ್ನೆಲೆ, ನಗರದಲ್ಲಿ ದೊರೆಯಬಹುದಾದ ಎಣ್ಣೆಯ ಪ್ರಮಾಣ, ಸಂಗ್ರಹದ ವಿಧಾನ, ಕಿಲೋ ಒಂದಕ್ಕೆ ಉಳಿಯುವ ಲಾಭ, ಕಂತು ತೀರಿಸುವ ಲೆಕ್ಕ ಮತ್ತು ಮುಂದಿನ ಮೂರು ವರ್ಷಗಳ ಯೋಜನೆ ಎಲ್ಲವೂ ಇದ್ದವು. ಸಾಲವೂ ದೊರೆಯಿತು. ಈಗ ಅವನಿಗೆ ಬೇಕಾಗಿರುವುದು ವಾಹನ ತುಂಬುವಷ್ಟು ಎಣ್ಣೆ. ನಾಲ್ಕು ಹೋಟೆಲುಗಳಿಂದ ದೊರೆಯುವ ಎಣ್ಣೆಯಿಂದ ಕಂತು ಕಟ್ಟುವುದೇ ಕಷ್ಟವಾಗಿದೆ. ಮೂರು ಹೋಟೆಲುಗಳನ್ನೂ, ಅವುಗಳಿಗೆ ತಿಂಡಿ ಒದಗಿಸುವ ದೊಡ್ಡದೊಂದು ಅಡುಗೆಮನೆಯನ್ನೂ ನಡೆಸುವ ಹಿರಿಯರೊಬ್ಬರು ಮಾಟುಂಗಾದ ಮದುವೆಯೊಂದರಲ್ಲಿ ಕೈತೊಳೆಯುವ ಸ್ಥಳದಲ್ಲಿ ಅವನಿಗೆ ಎದುರಾಗುತ್ತಾರೆ.

ಕೊನೆಯ ವಾಕ್ಯ ಮೊದಲು

ಇಲ್ಲಿ ಅವನು ಏನನ್ನು ಕೇಳಬೇಕು? ವರ್ಷದ ಕರಾರನ್ನು ಕೇಳಿದರೆ ಯಾವ ಹೋಟೆಲಿನ ಮಾಲೀಕರೂ ಕೈ ಒರೆಸಿಕೊಳ್ಳುತ್ತಾ ಒಪ್ಪುವುದಿಲ್ಲ. "ನಿಮ್ಮ ಸಹಕಾರವಿರಲಿ" ಎಂದರೆ ಖಂಡಿತ ಒಪ್ಪುತ್ತಾರೆ, ಆದರೆ ಅದರಿಂದ ಏನೂ ಆಗುವುದಿಲ್ಲ. ಕೇಳಿಕೆಯು ಇವೆರಡರ ನಡುವೆ ಇರಬೇಕು. ಅದಕ್ಕೆ ಹಣ ತಗಲಬಾರದು, ಇನ್ನೊಬ್ಬರನ್ನು ವಿಚಾರಿಸುವ ಅಗತ್ಯವಿರಬಾರದು, ಅದರಲ್ಲಿ ದಿನ ಅಥವಾ ವೇಳೆಯ ಉಲ್ಲೇಖವಿರಬೇಕು. ನಮ್ಮ ಯುವಕನ ಬಳಿ ಎಣ್ಣೆಯ ಗುಣವನ್ನು ಅಳೆಯುವ, ಕೈಯಲ್ಲಿ ಹಿಡಿಯಬಹುದಾದ ಒಂದು ಮೀಟರ್ ಇದೆ. ಅದರ ತುದಿಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿದರೆ ಧ್ರುವೀಯ ಸಂಯುಕ್ತಗಳು ಶೇಕಡಾ ಎಷ್ಟಿವೆ ಎಂಬ ಅಂಕಿ ಕಾಣಿಸುತ್ತದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಮೂರು ಗಂಟೆಗೆ, ಹತ್ತು ನಿಮಿಷ ಅಡುಗೆಮನೆಗೆ ಬಂದು ಅಳೆದು ತೋರಿಸಲೇ ಎಂದು ಕೇಳುವುದೇ ಅವನ ಕೊನೆಯ ವಾಕ್ಯ. ಇದಕ್ಕೆ "ಆಗಲಿ" ಎನ್ನುವುದು ಹಿರಿಯರಿಗೆ ಸುಲಭ. ಬರುವ ಮೊದಲೇ ಹೋಟೆಲಿನ ಹೊತ್ತುಗೊತ್ತು ತಿಳಿದವನು ಇವನೆಂಬುದೂ ಆ "ಮೂರು ಗಂಟೆ"ಯಿಂದಲೇ ಅವರಿಗೆ ಗೊತ್ತಾಗುತ್ತದೆ.

ಇನ್ನು ಮೊದಲ ವಾಕ್ಯ. ಇದು ಹೇಳುವವನ ಕುರಿತಾಗಿರದೆ ಕೇಳುವವರ ಕುರಿತಾಗಿರಬೇಕು. ಸಂಸ್ಥೆಯ ಹೆಸರು ಮತ್ತು ಸ್ಥಾಪನೆಯ ವರ್ಷದಿಂದ ಆರಂಭಿಸುವವರು ಮೊದಲ ಎಂಟು ಹತ್ತು ಸೆಕೆಂಡುಗಳನ್ನು ಅಲ್ಲಿಯೇ ಕಳೆದುಬಿಡುತ್ತಾರೆ. ಉಳಿದ ಎಣ್ಣೆಯ ವಿಷಯದಲ್ಲಿ ಹೋಟೆಲಿನವರಿಗಿರುವ ನಿಜವಾದ ತೊಡಕು ಯಾವುದು? ಎಣ್ಣೆಯ ಬೆಲೆ ಅಲ್ಲ. ಅದನ್ನು ಕೊಳ್ಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅಂಥವರು ಕೊಂಡ ಎಣ್ಣೆ ಮತ್ತೆ ಯಾವುದೋ ಬೀದಿಬದಿಯ ಬಾಣಲೆಗೆ ಸೇರುವ ಸಾಧ್ಯತೆಯಿದೆ, ಅವರಿಂದ ರಸೀದಿಯೂ ದೊರೆಯುವುದಿಲ್ಲ. ತಪಾಸಣೆಗೆ ಬಂದವರು ಎಣ್ಣೆ ಎಲ್ಲಿಗೆ ಹೋಯಿತೆಂದು ಕೇಳಿದಾಗ ತೋರಿಸಲು ಕಾಗದವಿಲ್ಲದಿರುವುದೇ ತೊಡಕು. ಮಾತು ಅಲ್ಲಿಂದ ಆರಂಭವಾಗಬೇಕು. ಆದರೆ ದಂಡದ ಹೆದರಿಕೆಯನ್ನು ಹುಟ್ಟಿಸುವ ಧಾಟಿಯಲ್ಲಿ ಹೇಳಬಾರದು. ಮದುವೆಯ ಮನೆಯಲ್ಲಿ ಯಾರೂ ಅದನ್ನು ಕ್ಷಮಿಸುವುದಿಲ್ಲ.

ಮೊದಲ ಮತ್ತು ಕೊನೆಯ ವಾಕ್ಯಗಳ ನಡುವೆ ಎರಡಕ್ಕೆ ಮಾತ್ರ ಸ್ಥಳವಿದೆ. ಒಂದು, ಅವನು ಮಾಡುವ ಕೆಲಸ ಕಣ್ಣಿಗೆ ಕಟ್ಟುವಂತೆ. ಇನ್ನೊಂದು, ಕೇಳಿದವರು ತಾವೇ ವಿಚಾರಿಸಿ ತಿಳಿಯಬಹುದಾದ ಒಂದು ಪುರಾವೆ. ನಗರದಲ್ಲಿ ಎಷ್ಟು ಟನ್ ಎಣ್ಣೆ ಉಳಿಯುತ್ತದೆ ಎಂಬ ಅಂಕಿಯು ಬ್ಯಾಂಕಿಗೆ ಪುರಾವೆಯಾದೀತು. ಹೋಟೆಲಿನವರಿಗೆ ಅದು ಏನನ್ನೂ ಹೇಳುವುದಿಲ್ಲ. ಅದೇ ಬಡಾವಣೆಯ ನಾಲ್ವರು ಹೋಟೆಲಿನವರು ಎರಡು ವರ್ಷಗಳಿಂದ ಇವನಿಗೆ ಎಣ್ಣೆ ಕೊಡುತ್ತಿದ್ದಾರೆ ಎಂಬ ಸಂಗತಿ ಮಾತ್ರ ಅವರಿಗೆ ಸಾಕು. ಬೇಕಿದ್ದರೆ ಅದೇ ಮದುವೆಯಲ್ಲಿ ಅವರನ್ನು ಕೇಳಬಹುದಲ್ಲವೇ?

ಹೀಗೆ ಕಟ್ಟಿದ ಮಾತು ಈ ರೀತಿ ಬರುತ್ತದೆ:

"ರಾಯರೇ, ನಮಸ್ಕಾರ. ಕರಿದು ಉಳಿದ ಎಣ್ಣೆ ಯಾರಿಗೆ ಕೊಟ್ಟಿರಿ ಅಂತ ತಪಾಸಣೆಯವರು ಕೇಳಿದರೆ ತೋರಿಸಲಿಕ್ಕೆ ಕಾಗದ ಬೇಕಲ್ಲ, ಆ ಕೆಲಸ ನನ್ನದು. ವಾರಕ್ಕೊಮ್ಮೆ ಬಂದು ಎಣ್ಣೆ ತೂಗಿ, ಹಣ ಕೊಟ್ಟು, ರಸೀದಿ ಬರೆದುಕೊಡ್ತೇನೆ. ಎಣ್ಣೆ ನೇರ ಬಯೋಡೀಸೆಲ್ ಕಾರ್ಖಾನೆಗೆ ಹೋಗ್ತದೆ. ಮಾಟುಂಗಾದಲ್ಲಿ ನಾಲ್ಕು ಹೋಟೆಲಿನವರು ಎರಡು ವರ್ಷದಿಂದ ನನಗೇ ಕೊಡ್ತಿದ್ದಾರೆ. ಎಣ್ಣೆ ಎಷ್ಟು ಕೆಟ್ಟಿದೆ ಅಂತ ಅಳೆಯುವ ಮೀಟರ್ ನನ್ನ ಹತ್ತಿರ ಉಂಟು. ಒಂದು ದಿನ ಮಧ್ಯಾಹ್ನ ಮೂರಕ್ಕೆ ನಿಮ್ಮ ಅಡುಗೆಮನೆಗೆ ಬಂದು ಹತ್ತು ನಿಮಿಷ ತೋರಿಸಲೇ?"

ಇದರಲ್ಲಿ 55 ಪದಗಳಿವೆ. ಸಾವಧಾನವಾಗಿ ಆಡಿದರೆ ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ಇಂಗ್ಲಿಷಿನ ಪುಸ್ತಕಗಳು ಇದೇ ಅವಧಿಗೆ 75 ಪದಗಳನ್ನು ಸೂಚಿಸುವುದುಂಟು. ಆ ಲೆಕ್ಕವನ್ನು ಕನ್ನಡಕ್ಕೆ ಅನ್ವಯಿಸಬಾರದು, ಏಕೆಂದರೆ ವಿಭಕ್ತಿ ಪ್ರತ್ಯಯಗಳು ಸೇರುವುದರಿಂದ ನಮ್ಮ ಪದಗಳು ಉದ್ದವಾಗಿರುತ್ತವೆ. ಪದಗಳನ್ನು ಎಣಿಸುವುದಕ್ಕಿಂತ ಗಡಿಯಾರವನ್ನು ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡುವುದೇ ಮೇಲು. ನಿವೇದನೆಯ ಗ್ರಾಂಥಿಕ ಭಾಷೆಯು ಇಲ್ಲಿ ಆಡುಮಾತಾಗಿರುವುದನ್ನೂ ಗಮನಿಸಬೇಕು. "ಸದರಿ ತೈಲವನ್ನು ಸಂಗ್ರಹಿಸಲಾಗುವುದು" ಎಂದು ಊಟದ ಮನೆಯಲ್ಲಿ ನುಡಿದರೆ ಕೇಳಿದವರಿಗೆ ನಗು ಬಂದೀತು.

ಬಿಟ್ಟುಹೋದುದರ ಬಗ್ಗೆ

ವಿದ್ಯಾಭ್ಯಾಸ, ಲಾಭದ ಲೆಕ್ಕ, ಮುಂದಿನ ಯೋಜನೆ ಯಾವುದೂ ಇಲ್ಲಿ ಉಳಿದಿಲ್ಲ. ಶೇಕಡಾ 25ರ ನಿಯಮದ ಉಲ್ಲೇಖವೂ ಇಲ್ಲ. ಉದ್ಯಮಿಗೆ ಅತ್ಯಂತ ಕಷ್ಟವೆನಿಸುವುದು ಇದೇ, ಏಕೆಂದರೆ ಅವನು ಹೆಚ್ಚು ಶ್ರಮಪಟ್ಟಿರುವುದು ಆ ಭಾಗಗಳ ಮೇಲೆಯೇ. ಬಿಡಲು ಮನಸ್ಸಾಗದೆ ಎಲ್ಲವನ್ನೂ ಉಳಿಸಿಕೊಂಡು ವೇಗವಾಗಿ ಹೇಳುವವರುಂಟು. ಆಗ ಕೇಳುವವರ ಕಿವಿಗೆ ಅವಸರ ಮಾತ್ರ ತಲಪುತ್ತದೆ. ಬಿಟ್ಟ ಸಂಗತಿಗಳಲ್ಲಿ ಎರಡು ಮೂರನ್ನು ಉತ್ತರಗಳಾಗಿ ಸಿದ್ಧವಾಗಿಟ್ಟುಕೊಳ್ಳಬೇಕು. ಹಿರಿಯರು ಬಹುಶಃ ಮೊದಲು ಕೇಳುವುದು "ಕಿಲೋಗೆ ಎಷ್ಟು ಕೊಡ್ತೀಯ?" ಎಂದು. ಆ ವಾರದ ದರವನ್ನು ಒಂದೇ ಅಂಕಿಯಲ್ಲಿ ಹೇಳಲು ಬರಬೇಕು. "ಅದು ಎಣ್ಣೆಯನ್ನು ನೋಡಿ ಹೇಳಬೇಕು" ಎಂದು ತಡವರಿಸಿದರೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ.

ಮಾತು ಫಲಿಸಿತೇ ಇಲ್ಲವೇ ಎಂಬುದನ್ನು ಉತ್ತರದಿಂದ ತಿಳಿಯಬಹುದು. "ಒಳ್ಳೆಯ ಕೆಲಸ, ಮುಂದುವರಿಸು" ಎಂಬ ಆಶೀರ್ವಾದ ಬಂದರೆ ಕೇಳಿಕೆಯು ಅವರಿಗೆ ತಲಪಲಿಲ್ಲವೆಂದೇ ಅರ್ಥ. "ದಿನಕ್ಕೆ ಎಷ್ಟು ಎಣ್ಣೆ ಇದ್ದರೆ ಬರ್ತೀಯ?" ಎಂಬಂತಹ ಪ್ರಶ್ನೆ ಬಂದರೆ ತಲಪಿದೆ. ಮೊದಲೇ ಪರೀಕ್ಷಿಸಲು ಇನ್ನೊಂದು ಉಪಾಯವಿದೆ. ಈ ವ್ಯಾಪಾರವನ್ನು ಅರಿಯದ ನೆರೆಯವರಿಗೆ ಒಮ್ಮೆ ಹೇಳಿ, ಮರುದಿನ ಏನು ನೆನಪಿದೆಯೆಂದು ಕೇಳಬೇಕು. "ಎಣ್ಣೆಗೆ ರಸೀದಿ ಕೊಡುವವ, ಮೀಟರ್ ತರುವವ" ಎಂದರೆ ಸಾಕು. "ಏನೋ ಬಯೋಡೀಸೆಲ್ ಅಂತ ಹೇಳಿದಿ" ಎಂದರೆ ಮೊದಲ ವಾಕ್ಯವನ್ನು ಮತ್ತೆ ತಿದ್ದಬೇಕು.

ಈ ಮಾತಿಗೆ ಮಿತಿಯೂ ಇದೆ. ದಿನಕ್ಕೆ ಐದಾರು ಲೀಟರ್ ಎಣ್ಣೆ ಬಳಸುವ ಸಣ್ಣ ಹೋಟೆಲಿನವರಿಗೆ ಲೆಕ್ಕದ ಆ ಸೂಚನೆ ಅನ್ವಯಿಸದಿರುವುದರಿಂದ ಕಾಗದದ ಚಿಂತೆ ಅವರನ್ನು ಅಷ್ಟಾಗಿ ಕಾಡದು. ಅವರೆದುರು ಉಳಿದ ಎಣ್ಣೆಗೆ ಕೈಗೆ ಬರುವ ಹಣದಿಂದಲೇ ಆರಂಭಿಸಬೇಕು. ಅದೇ ಮದುವೆಯಲ್ಲಿ ಬ್ಯಾಂಕಿನ ಅಧಿಕಾರಿ ಎದುರಾದರೆ ಮೀಟರಿನ ಮಾತೇ ಬೇಡ. ಎರಡು ವರ್ಷ ತಪ್ಪದೆ ಕಂತು ಕಟ್ಟಿರುವುದೇ ಅಲ್ಲಿ ಪುರಾವೆ, ಮತ್ತು ಕೇಳಿಕೆಯು ಎರಡನೆಯ ವಾಹನದ ಬಗ್ಗೆ ಮಾತನಾಡಲು ಒಂದು ದಿನ. ಇನ್ನು, ಹಿರಿಯರು ಊಟಕ್ಕೆ ಕುಳಿತಿರುವಾಗ ಅಥವಾ ಮನೆಯವರೊಡನೆ ಹೊರಟು ನಿಂತಿರುವಾಗ ಈ 55 ಪದಗಳೂ ಹೆಚ್ಚೇ. ಆಗ ನಮಸ್ಕರಿಸಿ, ಯಾವಾಗ ಫೋನ್ ಮಾಡಬಹುದೆಂದಷ್ಟೇ ಕೇಳಿ ಸರಿಯಬೇಕು.

"ಗುರುವಾರ ಬಾ" ಎಂದರೆ ಅಲ್ಲಿಯೇ ಗುರುತು ಹಾಕಿಕೊಂಡು, ಹೇಳಿದ ವೇಳೆಗೆ ಐದು ನಿಮಿಷ ಮುಂಚಿತವಾಗಿ ಹೋಗಬೇಕು. ತಣ್ಣಗಿನ ಎಣ್ಣೆಯಲ್ಲಿ ಮೀಟರ್ ಸರಿಯಾದ ಅಂಕಿಯನ್ನು ಕೊಡುವುದಿಲ್ಲ. ಆದುದರಿಂದ ಮಧ್ಯಾಹ್ನ ಕರಿದು ಮುಗಿದ ಬಾಣಲೆಯನ್ನು ಆರಲು ಬಿಡದಂತೆ ಅಡುಗೆಯವರಿಗೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿರಬೇಕು.