ಬುಡಕ್ಕೆ ಮೊದಲು, ತುದಿಗೆ ಕೊನೆಯಲ್ಲಿ

ಅಕ್ಕನ ಮಗಳ ಮದುವೆಯ ಹಿಂದಿನ ರಾತ್ರಿ 10 ಗಂಟೆಗೆ ಬಚ್ಚಲುಮನೆಯಲ್ಲಿ ನಿಂತು ಡೈ ಕಲಸಿದೆ. ಹಳದಿ ಬಲ್ಬು, ಎದುರಿಗೊಂದು ಚಿಕ್ಕ ಕನ್ನಡಿ. ಬುಡದಿಂದ ತುದಿಯವರೆಗೆ ಒಂದೇ ಸಮ ಬಳಿದು, ನಿದ್ದೆ ತಡೆಯಲಾಗದೆ 20 ನಿಮಿಷಕ್ಕೇ ತೊಳೆದುಬಿಟ್ಟೆ. ಆಗ ಎಲ್ಲ ಸರಿಯಾಗಿದೆ ಅನ್ನಿಸಿತು. ಮರುದಿನ ಛತ್ರದ ಅಂಗಳದಲ್ಲಿ ತೆಗೆದ ಫೋಟೊ ನೋಡಿ ಬೇಸರವಾಯಿತು. ಬೆನ್ನ ಮೇಲಿನ ಜಡೆ ಮಸಿ ಮೆತ್ತಿದ ಹಾಗೆ ಕಪ್ಪು, ಹೊಳಪೇ ಇಲ್ಲ. ಕಿವಿಯ ಮೇಲೆ ನರೆ ಹಾಗೇ ಇಣುಕುತ್ತಿತ್ತು.

ಕಾರಣ ತಿಳಿದದ್ದು ಆಮೇಲೆ. ಡೆವಲಪರ್ ಜೊತೆ ಕಲಸುವ ಡೈಯಲ್ಲಿ ಬಣ್ಣ ಮೊದಲೇ ತಯಾರಾಗಿರುವುದಿಲ್ಲ. ಸಣ್ಣ ಕಣಗಳು ಕೂದಲೊಳಗೆ ಇಳಿದು, ಅಲ್ಲಿ ಪೆರಾಕ್ಸೈಡಿನೊಡನೆ ಸೇರಿ ದೊಡ್ಡದಾಗಿ ಬಣ್ಣವಾಗುತ್ತವೆ. ಅದಕ್ಕೆ ಸಮಯ ಬೇಕು. ಕಿವಿಯ ಪಕ್ಕದ ಗಡುಸು ನರೆಗೆ ಇನ್ನೂ ಹೆಚ್ಚು. ತುದಿಗಳ ಕಥೆ ಬೇರೆ: ಹಳೆಯ ಡೈ, ಬಿಸಿಲು, ಬಾಚಣಿಗೆಯಿಂದ ಸವೆದ ಕೂದಲು ಬಣ್ಣವನ್ನು ಬೇಗ ಹೀರುತ್ತದೆ. ಪ್ರತಿ ಸಲವೂ ಅಲ್ಲಿಗೆ ಹಚ್ಚಿದರೆ ಪದರದ ಮೇಲೆ ಪದರ ಕೂತು, ಸಹಜ ಕೂದಲಿನಲ್ಲಿರುವ ತಿಳಿ-ಗಾಢಗಳ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಮುಂದಿನ ಸಲ ಹಬ್ಬಕ್ಕೆ ಮೂರು ದಿನ ಮೊದಲು, ಭಾನುವಾರ ಬೆಳಿಗ್ಗೆ 9ಕ್ಕೆ ಕೂತೆ. ಅದಕ್ಕೂ ಎರಡು ದಿನ ಹಿಂದೆಯೇ ಕಿವಿಯ ಹಿಂದೆ ತುಸು ಹಚ್ಚಿ, 48 ಗಂಟೆ ಕಾದು, ತುರಿಕೆ ಇಲ್ಲವೆಂದು ಖಚಿತಪಡಿಸಿಕೊಂಡಿದ್ದೆ. ಹಿಂದಿನ ದಿನ ತಲೆಸ್ನಾನ ಮಾಡಿ, ಎಣ್ಣೆ ಹಚ್ಚಿರಲಿಲ್ಲ. ಕಪ್ಪಿನ ಬದಲು ಗಾಢ ಕಂದು ತಂದಿದ್ದೆ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಕುರ್ಚಿ, ಎದುರಿಗೊಂದು ಕನ್ನಡಿ, ಹಿಂಭಾಗ ನೋಡಲು ಕೈಯಲ್ಲೊಂದು.

ಕೂದಲನ್ನು ನಾಲ್ಕು ಪಾಲು ಮಾಡಿ, ತೆಳುವಾಗಿ ಬೈತಲೆ ತೆಗೆಯುತ್ತ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿದೆ. ಮೊದಲು ಕಿವಿಯ ಪಕ್ಕ ಮತ್ತು ಹಣೆಯಂಚು, ಕೊನೆಗೆ ಹಿಂಭಾಗ. ಹಚ್ಚಿ ಮುಗಿದ ಮೇಲೆ ಗಡಿಯಾರ ನೋಡಿ, ಪೊಟ್ಟಣದಲ್ಲಿ ಹೇಳಿದಂತೆ 30 ನಿಮಿಷ ಎಣಿಸಿದೆ. ಕೊನೆಯ 5 ನಿಮಿಷ ಮಾತ್ರ ತುದಿಗಳಿಗೆ ತೆಳುವಾಗಿ ಎಳೆದೆ.

ತೊಳೆಯುವ ಮುನ್ನ ಕಿವಿಯ ಪಕ್ಕದ ಒಂದೆಳೆಯನ್ನು ಒದ್ದೆ ಹತ್ತಿಯಿಂದ ಒರೆಸಿ ಕಿಟಕಿಗೆ ಹಿಡಿದೆ. ಮೇಲಿನ ಲೇಪ ಕಪ್ಪಾಗಿ ಕಂಡರೂ ಒಳಗಿನ ನರೆ ಮುಚ್ಚಿರಲಿಕ್ಕಿಲ್ಲ. ಒರೆಸಿದರೆ ಮಾತ್ರ ಗೊತ್ತಾಗುತ್ತದೆ. ಒದ್ದೆ ಕೂದಲು ಯಾವಾಗಲೂ ಗಾಢವಾಗಿ ಕಾಣುವುದರಿಂದ, ಕೊನೆಯ ತೀರ್ಮಾನವನ್ನು ಒಣಗಿದ ಮೇಲೆ ಹಗಲ ಬೆಳಕಿನಲ್ಲೇ ಮಾಡಿದೆ.

ಈ ಸಲ ನರೆ ಮುಚ್ಚಿತ್ತು, ಬುಡದ ಕಂದಿನಲ್ಲಿ ಬೆಳಕು ಆಡುತ್ತಿತ್ತು. ಹಳೆಯ ತುದಿಗಳ ಕಪ್ಪು ಮಾತ್ರ ಹೋಗಲಿಲ್ಲ. ಹಚ್ಚಿದ ಡೈಯನ್ನು ಇನ್ನೊಂದು ಡೈ ತಿಳಿಯಾಗಿಸುವುದಿಲ್ಲ. ತಿಂಗಳಿಗಿಷ್ಟು ಕತ್ತರಿಸುತ್ತ ಬಂದೆ. ಆ ಒಂದು ರಾತ್ರಿಯ ಅವಸರ ನನ್ನ ಜಡೆಯಿಂದ ಪೂರ್ತಿ ಇಳಿಯಲು ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು.