ಪುಸ್ತಕ ಮೌಲ್ಯದಲ್ಲಿ ಕಾಣದ ಆಸ್ತಿ

ನಮ್ಮ ಸರಸಂಬಾ ಕಡೆಯವರಿಗೆ ತೊಗರಿ ಬೇಳೆ ಮಿಲ್ ಗೊತ್ತು. ಒಂದು ಮಿಲ್ ಕಂಪನಿಯ ಆಸ್ತಿ 50 ಲಕ್ಷ, ಸಾಲ 20 ಲಕ್ಷ, ಷೇರು 30,000 ಎಂದುಕೊಳ್ಳಿ. ನಿವ್ವಳ ಆಸ್ತಿ 30 ಲಕ್ಷ. ಪ್ರತಿ ಷೇರಿನ ಪುಸ್ತಕ ಮೌಲ್ಯ 100 ರೂಪಾಯಿ. ಪೇಟೆಯಲ್ಲಿ ಷೇರು 150 ರೂಪಾಯಿಗೆ ಹೋದರೆ ಬೆಲೆ–ಪುಸ್ತಕ ಮೌಲ್ಯ ಅನುಪಾತ 1.5. ಯಂತ್ರ, ಗೋದಾಮು, ದಾಸ್ತಾನು ಕಣ್ಣಿಗೆ ಕಾಣುವುದರಿಂದ ಈ ಲೆಕ್ಕಕ್ಕೆ ಅರ್ಥವಿದೆ.

ಬೆಂಗಳೂರಿನ ಇನ್ಫೋಸಿಸ್‌ಗೂ ಇದೇ ಅಳತೆ ಹಿಡಿದು, ಷೇರು ಬಹಳ ತುಟ್ಟಿ ಎಂದು ಬರೆದಿದ್ದೆ. ತಪ್ಪು ನನ್ನದೇ. ಅಲ್ಲಿ ಗಳಿಸಿಕೊಡುವವರು ಎಂಜಿನಿಯರುಗಳು. ಅವರ ತರಬೇತಿಗೆ ಹಾಕಿದ ಹಣ ಆ ವರ್ಷದ ಖರ್ಚಾಗಿ ಲಾಭ–ನಷ್ಟ ಖಾತೆಯಲ್ಲೇ ಮುಗಿಯುತ್ತದೆ, ಆಸ್ತಿಯಾಗಿ ಆಢಾವೆ ಪತ್ರಿಕೆಗೆ ಬರುವುದಿಲ್ಲ. ಅದಕ್ಕೇ ಆ ಕಂಪನಿ 1990ರ ದಶಕದಲ್ಲಿ ನೌಕರರ ಮತ್ತು ಬ್ರ್ಯಾಂಡಿನ ಅಂದಾಜು ಮೌಲ್ಯವನ್ನು ವಾರ್ಷಿಕ ವರದಿಯಲ್ಲಿ ಬೇರೆಯಾಗಿ ತೋರಿಸಿತು. ಇಂಥ ಕಡೆ ನಾನೀಗ ಮೊದಲು ಪ್ರತಿ ಷೇರಿನ ಗಳಿಕೆ ನೋಡುತ್ತೇನೆ.